ಟಾಕ್ಸೊಪ್ಲಾಸ್ಮಾವೋ ಲಿಂಫೋಮಾವೋ: ಮೊದಲ 14 ದಿನ
ಮಡಿಕೇರಿಗೆ ಬಂದ ಕಾಫಿ ತೋಟದ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳಿ: ಎಚ್‌ಐವಿ, ಸಿಡಿ4 ಎಣಿಕೆ 40, ತೂಕ 50 ಕಿಲೋ, ಬಲಗೈ ಸೋತಿದೆ. ಎಂಆರ್‌ಐನಲ್ಲಿ ಉಂಗುರದಂತೆ ಹೊಳೆಯುವ ಹಲವು ಗಾಯಗಳು ಬೇಸಲ್ ಗ್ಯಾಂಗ್ಲಿಯಾದಲ್ಲಿದ್ದು, ಟಾಕ್ಸೊ ಐಜಿಜಿ ಪಾಸಿಟಿವ್ ಬಂದರೆ ಟಾಕ್ಸೊಪ್ಲಾಸ್ಮಾ ಕಡೆಗೇ ವಾಲಬೇಕು. 4 ಸೆಂ.ಮೀ. ಮೀರಿದ ಒಂಟಿ ಗಡ್ಡೆ, ಕಾರ್ಪಸ್ ಕ್ಯಾಲೋಸಮ್ ದಾಟಿದೆ, ಐಜಿಜಿ ನೆಗೆಟಿವ್ ಎಂದರೆ ಲಿಂಫೋಮಾದ ಗುಮಾನಿಯೇ ಜಾಸ್ತಿ. ಆದರೂ ಚಿತ್ರವೊಂದನ್ನೇ ನಂಬುವಂತಿಲ್ಲ.

ಮೊದಲ ಚಿತ್ರಣದಲ್ಲಿ ಬಯಾಪ್ಸಿಗೆ ಅವಸರ ಬೇಡ. 160 ಮಿ.ಗ್ರಾಂ. ಟ್ರೈಮೆಥೊಪ್ರಿಮ್ ಇರುವ ಕೋಟ್ರೈಮಾಕ್ಸಜೋಲ್ ಮಾತ್ರೆ ಒಂದೂವರೆಯಂತೆ ದಿನಕ್ಕೆರಡು ಸಲ ಕೊಡಿ. ಟಾಕ್ಸೊ ಆಗಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಕೈ ಚೇತರಿಸಿಕೊಳ್ಳುತ್ತದೆ, ಮರು ಎಂಆರ್‌ಐನಲ್ಲಿ ಉಂಗುರ ಕುಗ್ಗಿರುತ್ತದೆ. ಆಗ ಕನಿಷ್ಠ ಆರು ವಾರ ಇದೇ ಪ್ರಮಾಣ. ಕುಗ್ಗದಿದ್ದರೆ ಬಯಾಪ್ಸಿಗೆ ಮೈಸೂರಿಗೋ ಮಂಗಳೂರಿಗೋ ಕಳಿಸಿ.

ಎಡವುವುದು ಡೆಕ್ಸಾಮೆಥಾಸೋನ್‌ನಲ್ಲಿ. ಅದಕ್ಕೆ ಲಿಂಫೋಮಾವೂ ಕುಗ್ಗಿ, ಟಾಕ್ಸೊ ವಾಸಿಯಾದಂತೆ ನಂಬಿಸುತ್ತದೆ, ಬಯಾಪ್ಸಿಯೂ ಕೈಕೊಡಬಹುದು. ಮಿದುಳಿನ ಊತ ಜೀವಕ್ಕೆ ಕುತ್ತು ತರುವಂತಿದ್ದರಷ್ಟೇ ಅದನ್ನು ಮುಟ್ಟಿ.