ಮೊದಲ ಜಪಾನಿ ಆರ್‌ಪಿಜಿಯಾಗಿ ‘ಫೈನಲ್ ಫ್ಯಾಂಟಸಿ 10’: ಬಹುಕಾಲ ಆಡಿದ ಮೇಲೆ ಬರೆದದ್ದು

ಆಡಿದ್ದು: ‘ಫೈನಲ್ ಫ್ಯಾಂಟಸಿ 10 / 10-2 ಎಚ್‌ಡಿ ರೀಮಾಸ್ಟರ್’, ಮೊದಲು ಪಿಎಸ್4ನಲ್ಲಿ, ಆಮೇಲೆ ಸ್ಟೀಮ್‌ನಲ್ಲಿ. ಈ ಬರಹ ಹತ್ತನೇ ಭಾಗದ ಬಗ್ಗೆ ಮಾತ್ರ. ಕತೆಯ ದೊಡ್ಡ ಗುಟ್ಟುಗಳನ್ನು ಬಿಟ್ಟುಕೊಟ್ಟಿಲ್ಲ, ಆದರೆ ನಡುವಿನ ಒಂದು ಬಾಸ್ ಕಾಳಗದ ವಿವರ ಇದೆ.

ಟರ್ನ್ ಬೇಸ್ಡ್ ಜಪಾನಿ ಆಟವನ್ನು ಎಂದೂ ಆಡದವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಾಗ ಸಾಮಾನ್ಯವಾಗಿ ಮೂರು ಹೆಸರು ಬರುತ್ತವೆ. ‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’, ‘ಪರ್ಸೋನಾ 5 ರಾಯಲ್’ ಮತ್ತು ಇದು. ಡ್ರ್ಯಾಗನ್ ಕ್ವೆಸ್ಟ್‌ಗೆ ಗಂಟೆಗಟ್ಟಲೆ ಆಡಬಹುದಾದ ಉಚಿತ ಡೆಮೊ ಇದೆ, ಅದರ ಸೇವ್ ಪೂರ್ತಿ ಆಟಕ್ಕೂ ನಡೆಯುತ್ತದೆ. ಹಣ ಹಾಕಲು ಅಳುಕುವವರು ಅದನ್ನೇ ಇಳಿಸಿಕೊಳ್ಳಿ. ಪರ್ಸೋನಾದಲ್ಲಿ ಕಾಳಗದ ಜೊತೆಗೆ ಕ್ಯಾಲೆಂಡರ್ ನೋಡಿ ದಿನಚರಿಯನ್ನೂ ನಿಭಾಯಿಸಬೇಕು, ಮುಗಿಯುವಷ್ಟರಲ್ಲಿ ನೂರು ಗಂಟೆ ದಾಟುವುದು ಸಹಜ. ಆದರೂ ನಾನು 2001ರ ಈ ಹಳೆಯ ಆಟವನ್ನೇ ಹೇಳುತ್ತೇನೆ. ಕಾರಣ ಒಂದೇ. ಟರ್ನ್ ಬೇಸ್ಡ್ ಎಂದರೇನು ಎಂಬುದನ್ನು ಇದು ಕಣ್ಣಿಗೆ ಕಾಣುವಂತೆ ಕಲಿಸುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಉದ್ದುದ್ದ ಕಟ್‌ಸೀನ್‌ಗಳು, ಅಂದರೆ ಆಡದೆ ಸುಮ್ಮನೆ ನೋಡಬೇಕಾದ ಕತೆಯ ದೃಶ್ಯಗಳು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಾಳಗ ಶುರುವಾದ ಕೂಡಲೇ ಪರದೆಯ ಬಲ ಮೇಲ್ಗಡೆ ಒಂದು ಪಟ್ಟಿ ಕಾಣುತ್ತದೆ. ಈಗ ಯಾರ ಸರದಿ, ಮುಂದೆ ಯಾರದು, ಅದರಾಚೆ ಶತ್ರುವಿನದು ಎಷ್ಟು ಹೊತ್ತಿಗೆ, ಎಲ್ಲವೂ ಅಲ್ಲಿದೆ. ನೀವು ಒಂದು ಆಜ್ಞೆಯ ಮೇಲೆ ಕರ್ಸರ್ ಇಟ್ಟರೆ, ಅದನ್ನು ಒತ್ತುವ ಮೊದಲೇ ಪಟ್ಟಿ ಬದಲಾಗಿ, ಇದರಿಂದ ನಿಮ್ಮ ಮುಂದಿನ ಸರದಿ ಎಲ್ಲಿಗೆ ಬೀಳುತ್ತದೆ ಎಂದು ತೋರಿಸುತ್ತದೆ. ಕಥಾನಾಯಕ ಟೀಡಸ್‌ಗೆ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರ ಬಂದ ಮೇಲೆ ಅದನ್ನು ಯಾರ ಮೇಲಾದರೂ ಹಾಕಿ ನೋಡಿ, ಅವರ ಚಿತ್ರ ಪಟ್ಟಿಯಲ್ಲಿ ಮೇಲಕ್ಕೇರುತ್ತದೆ. ಯೋಚಿಸಲು ಎಷ್ಟು ಹೊತ್ತು ತೆಗೆದುಕೊಂಡರೂ ಶತ್ರು ಕದಲುವುದಿಲ್ಲ. ಚಹಾ ಕುಡಿದು ಬಂದು ಒತ್ತಬಹುದು.

ಎರಡನೆಯ ಪಾಠ ಬೆಸೇಯ್ಡ್ ದ್ವೀಪದ ದಾರಿಯಲ್ಲಿ. ಅಲ್ಲಿ ಮೂರು ಬಗೆಯ ಪ್ರಾಣಿಗಳು ಎದುರಾಗುತ್ತವೆ. ಚುರುಕಾಗಿ ತಪ್ಪಿಸಿಕೊಳ್ಳುವ ನಾಯಿಯಂಥದ್ದಕ್ಕೆ ಟೀಡಸ್‌ನ ಕತ್ತಿ ಬೇಕು. ಹಾರುವ ಹಕ್ಕಿಗೆ ಜೊತೆಗಾರ ವಾಕಾನ ಚೆಂಡು. ಲೋಳೆ ಮುದ್ದೆಯಂಥ ವಾಟರ್ ಫ್ಲ್ಯಾನ್‌ಗೆ ಕತ್ತಿ ಹೆಚ್ಚು ನಾಟದು, ತಂಡದ ಮಾಂತ್ರಿಕೆ ಲುಲು ಥಂಡರ್ ಹಾಕಿದರೆ ಒಂದೇಟಿಗೆ ಮುಗಿಯುತ್ತದೆ. ಬೆಂಕಿಗೆ ಹಿಮ, ನೀರಿಗೆ ಸಿಡಿಲು ಎಂಬ ಈ ಜೋಡಿ ಆಟದುದ್ದಕ್ಕೂ ಬದಲಾಗುವುದಿಲ್ಲ. ಮುಂದೆ ಗಟ್ಟಿ ಚಿಪ್ಪಿನ ಶತ್ರುಗಳಿಗೆ ಔರಾನ್, ಯಂತ್ರಗಳನ್ನು ಕಳ್ಳತನದಿಂದಲೇ ಕೆಡವಲು ರಿಕ್ಕು ಸೇರಿಕೊಳ್ಳುತ್ತಾರೆ. ಕಣದಲ್ಲಿ ಮೂವರಿಗಷ್ಟೇ ಜಾಗ. ಆದರೆ ಪಿಎಸ್4ನಲ್ಲಿ ಎಲ್1 ಒತ್ತಿ ಸರದಿ ಬಂದವರನ್ನು ಹೊರಗಿರುವವರ ಜೊತೆ ಬದಲಿಸಬಹುದು. ಅದಕ್ಕೆ ಸರದಿ ಖರ್ಚಾಗುವುದಿಲ್ಲ, ಒಳಬಂದವರು ಆಗಲೇ ಹೊಡೆಯಬಹುದು.

ಇಲ್ಲಿ ಹೊಸಬರಿಗೆ ಆಟ ಗಟ್ಟಿಯಾಗಿ ಹೇಳದ ಎರಡು ಸಂಗತಿಗಳಿವೆ. ಅನುಭವದ ಅಂಕ, ಇವರ ಭಾಷೆಯಲ್ಲಿ ಎಪಿ, ಸಿಗುವುದು ಆ ಕಾಳಗದಲ್ಲಿ ಒಂದಾದರೂ ಸರದಿ ಆಡಿದವರಿಗೆ ಮಾತ್ರ. ಸುಮ್ಮನೆ ಒಳಬಂದು ಡಿಫೆಂಡ್ ಒತ್ತಿದರೂ ಸಾಕು, ಪೂರ್ತಿ ಪಾಲು ಸಿಗುತ್ತದೆ. ಕಾಳಗ ಮುಗಿಯುವಾಗ ನೆಲಕ್ಕುರುಳಿದ್ದವರಿಗೆ ಏನೂ ಇಲ್ಲ. ಹಾಗಾಗಿ ಕೊನೆಯ ಬಡಪಾಯಿ ಶತ್ರುವನ್ನು ಉಳಿಸಿಕೊಂಡು ಎಲ್ಲರನ್ನೂ ಒಂದು ಸುತ್ತು ಒಳಕರೆದು ಮುಗಿಸುವುದು ಇಲ್ಲಿನ ರೂಢಿ. ಹೀಗೆ ಮಾಡದವರ ತಂಡದಲ್ಲಿ ಮೂವರು ಬಲಶಾಲಿಗಳಾಗಿ ನಾಲ್ವರು ಸೊರಗುತ್ತಾರೆ, ಆ ನಾಲ್ವರು ಬೇಕಾಗುವ ಜಾಗ ಮುಂದೆ ಖಂಡಿತ ಬರುತ್ತದೆ. ಇನ್ನೊಂದು, ಕಣದಲ್ಲಿರುವ ಮೂವರೂ ಒಟ್ಟಿಗೆ ಬಿದ್ದರೆ ಹೊರಗೆ ನಾಲ್ವರು ಗಟ್ಟಿಮುಟ್ಟಾಗಿ ನಿಂತಿದ್ದರೂ ಗೇಮ್ ಓವರ್.

ಈ ಎಪಿಯನ್ನು ಖರ್ಚು ಮಾಡಿ ಪಾತ್ರಗಳ ಬಲ ಬೆಳೆಸುವ ಜಾಗ ಸ್ಫಿಯರ್ ಗ್ರಿಡ್. ಮೊದಲ ನೋಟಕ್ಕೆ ಆ ಜಾಲ ದಿಗಿಲು ಹುಟ್ಟಿಸುತ್ತದೆ. ಆಟ ಶುರುವಾಗುವಾಗಲೇ ಸ್ಟ್ಯಾಂಡರ್ಡ್ ಬೇಕೋ ಎಕ್ಸ್‌ಪರ್ಟ್ ಬೇಕೋ ಎಂದು ಕೇಳುತ್ತದೆ, ಮೊದಲ ಸಲಕ್ಕೆ ಸ್ಟ್ಯಾಂಡರ್ಡ್ ತೆಗೆದುಕೊಳ್ಳಿ. ಅದರಲ್ಲಿ ಪ್ರತಿಯೊಬ್ಬರಿಗೂ ಹೆಚ್ಚೂಕಡಿಮೆ ಹಾಕಿಕೊಟ್ಟ ದಾರಿ ಇದೆ, ಬೀಗ ಅಡ್ಡ ಬರುವವರೆಗೆ ಅದರಲ್ಲೇ ನಡೆಯುತ್ತ ಹೋದರೆ ಸಾಕು.

ಈಗ ಕಟ್‌ಸೀನ್. ಈ ಸರಣಿಯ ಮುಖ್ಯ ಆಟಗಳಲ್ಲಿ ಪಾತ್ರಗಳಿಗೆ ಧ್ವನಿ ಬಂದದ್ದು ಇದರಲ್ಲೇ ಮೊದಲು, ಆ ಉಮೇದು ಎಲ್ಲ ಕಡೆ ಎದ್ದು ಕಾಣುತ್ತದೆ. ಧ್ವನಿಯಿರುವ ಮಾತನ್ನು ಗುಂಡಿ ಒತ್ತಿ ಮುಂದೆ ತಳ್ಳಲು ಬರುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ನೀವು ಆಡುವುದಕ್ಕಿಂತ ನೋಡುವುದೇ ಹೆಚ್ಚು. ಬೆಂಕಿಯ ಸುತ್ತ ಕುಳಿತ ಗುಂಪು, ಟೀಡಸ್ ‘ನನ್ನ ಕತೆ ಕೇಳಿ’ ಎನ್ನುತ್ತಾನೆ, ಅಲ್ಲಿಂದ ಎಲ್ಲವೂ ಹಿನ್ನೋಟ. ನಡುನಡುವೆ ಅವನು ಭೂತಕಾಲದಲ್ಲಿ ಮಾತಾಡುವುದು ಅದಕ್ಕೇ. ಆ ಬೆಂಕಿಯ ಜಾಗಕ್ಕೆ ಕತೆ ತಲುಪುವುದು ಆಟ ಬಹುಪಾಲು ಮುಗಿದ ಮೇಲೆ. ಇದು ಗೊತ್ತಿದ್ದರೆ ಶುರುವಿನ ಗೊಂದಲದಲ್ಲಿ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧವನ್ನು ಆಟ ಬೇಕೆಂದೇ ಉಳಿಸಿದೆ. ಸ್ಪಿರಾ ಲೋಕದ ಬಗ್ಗೆ ಟೀಡಸ್‌ಗೂ ಏನೂ ತಿಳಿಯದು, ಅವನು ಕೇಳುವ ಪೆದ್ದು ಪ್ರಶ್ನೆಗಳೆಲ್ಲ ನಿಮ್ಮ ಪರವಾಗಿಯೇ.

ಇಂಗ್ಲಿಷ್ ಡಬ್ಬಿಂಗ್ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಜಪಾನಿ ಮಾತಿನ ಅಳತೆಗೆ ಮಾಡಿದ ತುಟಿಚಲನೆಗೆ ಇಂಗ್ಲಿಷ್ ಕೂರಿಸಿದ್ದಾರೆ. ಹಾಗಾಗಿ ನಾಯಕಿ ಯೂನಾ ಕೆಲವೊಮ್ಮೆ ಅರ್ಧ ವಾಕ್ಯಕ್ಕೆ ನಿಂತು, ಆಮೇಲೆ ಓಡುತ್ತಾಳೆ. ಟಿವಿಯಲ್ಲಿ ಡಬ್ಬಿಂಗ್ ಸಿನಿಮಾ ನೋಡಿ ಬೆಳೆದವರಿಗೆ ಇದು ಬೇಗ ರೂಢಿಯಾಗುತ್ತದೆ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ.

ಲೂಕಾ ನಗರದಲ್ಲಿ ಬರುವ ನಗುವಿನ ದೃಶ್ಯವಂತೂ ಅಂತರ್ಜಾಲದಲ್ಲಿ ಗೇಲಿಗೇ ಹೆಸರುವಾಸಿ. ಟೀಡಸ್ ‘ಹ ಹ ಹ ಹ’ ಎಂದು ಕಿವಿಗೆ ಕರ್ಕಶವಾಗಿ ಕಿರುಚುತ್ತಾನೆ. ಅದನ್ನಷ್ಟೇ ಕತ್ತರಿಸಿ ನೋಡಿದವರು ಕೆಟ್ಟ ನಟನೆ ಎಂದುಬಿಡುತ್ತಾರೆ. ಆಟದೊಳಗೆ ನೋಡಿದರೆ, ಅವನು ಆಗಷ್ಟೇ ಎದೆ ಒಡೆಯುವ ಸುದ್ದಿ ಕೇಳಿದ್ದಾನೆ. ಅಳು ಬಂದಾಗಲೂ ನಗುವುದನ್ನು ರೂಢಿ ಮಾಡಿಕೊಂಡ ಯೂನಾ ಅವನನ್ನು ನಗಿಸಲು ನೋಡುತ್ತಿದ್ದಾಳೆ. ಅವನು ಬಲವಂತದ ನಗು ಎಳೆಯುತ್ತಾನೆ, ಅವಳೂ ಸೇರಿಸುತ್ತಾಳೆ, ಕೊನೆಗೆ ಇಬ್ಬರಿಗೂ ನಿಜವಾದ ನಗು ಬರುತ್ತದೆ. ಜೊತೆಯವರು ಇವರಿಗೆ ತಲೆ ಕೆಟ್ಟಿತೇ ಎಂಬಂತೆ ನೋಡುವುದೂ ದೃಶ್ಯದಲ್ಲೇ ಇದೆ. ಕೃತಕವಾಗಿ ಕೇಳಬೇಕೆಂದೇ ಮಾಡಿದ ನಗು ಅದು. ಜಪಾನಿ ಆಟಗಳ ಕಟ್‌ಸೀನ್‌ಗಳಲ್ಲಿ ಇಂಥದ್ದು ಸಾಕಷ್ಟು ಸಿಗುತ್ತದೆ, ವಿಚಿತ್ರ ಅನ್ನಿಸಿದ ಕಡೆ ಸುತ್ತ ನಿಂತವರ ಮುಖ ನೋಡಿದರೆ ಉದ್ದೇಶ ತಿಳಿಯುತ್ತದೆ.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ದೃಶ್ಯಗಳ ಉದ್ದವಲ್ಲ, ಅವುಗಳನ್ನು ಇಟ್ಟಿರುವ ಜಾಗ. ಮೊದಲು ಆಟವನ್ನು ಸೇವ್ ಮಾಡುವ ಗೋಳ, ಆಮೇಲೆ ಕಟ್‌ಸೀನ್, ಆಮೇಲೆ ಬಾಸ್. ಸೋತರೆ ಸೇವ್‌ಗೆ ವಾಪಸ್, ಅದೇ ಮಾತುಗಳನ್ನು ಮತ್ತೆ ಕೇಳಬೇಕು. ಇದರ ಕುಖ್ಯಾತ ಉದಾಹರಣೆ ಗಗಜೆಟ್ ಪರ್ವತದ ಮೇಲೆ ಎದುರಾಗುವ ಸೀಮೋರ್ ಫ್ಲಕ್ಸ್. 70,000 ಎಚ್‌ಪಿ, ಪಕ್ಕದಲ್ಲಿ ಮಾರ್ಟಿಯಾರ್ಕಿಸ್ ಎಂಬ ಸಹಚರ. ಹೊಸಬರು ಇಲ್ಲಿ ಸಾಯುವ ಬಗೆ ಹೀಗಿದೆ. ಸೀಮೋರ್ ಒಬ್ಬರ ಮೇಲೆ ಲ್ಯಾನ್ಸ್ ಆಫ್ ಅಟ್ರೋಫಿ ಎಂಬ ಈಟಿ ಎಸೆಯುತ್ತಾನೆ, ಅವರು ಜೋಂಬಿ ಆಗುತ್ತಾರೆ. ಮುಂದೆ ಸಹಚರ ಅವರ ಮೇಲೆ ಸತ್ತವರನ್ನು ಎಬ್ಬಿಸುವ ಫುಲ್-ಲೈಫ್ ಮಂತ್ರ ಹಾಕುತ್ತದೆ. ಶತ್ರು ನಮಗೇಕೆ ಜೀವ ತುಂಬುತ್ತಿದ್ದಾನೆ ಎಂದುಕೊಳ್ಳುವಷ್ಟರಲ್ಲಿ ನಮ್ಮವರು ಸತ್ತು ಬಿದ್ದಿರುತ್ತಾರೆ.

ಇದು ಫೈನಲ್ ಫ್ಯಾಂಟಸಿಯ ಹಳೆಯ ರೂಢಿ. ಜೀವಚ್ಛವಕ್ಕೆ ಮದ್ದು ವಿಷವಾಗುತ್ತದೆ, ಸತ್ತವರನ್ನು ಎಬ್ಬಿಸುವ ವಸ್ತು ಅದನ್ನು ಕೊಲ್ಲುತ್ತದೆ. ಆಟ ಇದನ್ನು ಮೊದಲೇ ತೋರಿಸಿರುತ್ತದೆ. ವಯಾ ಪ್ಯುರಿಫಿಕೋದ ನೀರಿನೊಳಗೆ ಬರುವ ಎವ್ರೇ ಆಲ್ಟಾನಾ ಎಂಬ ದೈತ್ಯನಿಗೆ ಎರಡು ಫೀನಿಕ್ಸ್ ಡೌನ್ ಬಳಸಿದರೆ ಕತೆ ಮುಗಿಯಿತು. ಸೀಮೋರ್ ಅದೇ ನಿಯಮವನ್ನು ನಮ್ಮ ಮೇಲೆ ತಿರುಗಿಸುತ್ತಾನೆ ಅಷ್ಟೆ. ಪರಿಹಾರ ಸರದಿ ಪಟ್ಟಿಯಲ್ಲಿದೆ. ಈಟಿ ತಗುಲಿದ ಮೇಲೆ ಸಹಚರನ ಚಿತ್ರ ಎಲ್ಲಿದೆ ನೋಡಿ, ಅದಕ್ಕೂ ಮೊದಲು ನಮ್ಮವರಲ್ಲಿ ಯಾರಿಗೆ ಸರದಿ ಬರುತ್ತದೋ ಅವರಿಂದ ಹೋಲಿ ವಾಟರ್ ಹಾಕಿಸಿ. ಜೋಂಬಿ ಕಳಚುತ್ತದೆ, ಮುಂದೆ ಬರುವ ಫುಲ್-ಲೈಫ್ ಪುಕ್ಕಟೆ ಚಿಕಿತ್ಸೆಯಾಗುತ್ತದೆ. ಯೂನಾ ನೆರವಿಗೆ ಕರೆಯುವ ಏಯಾನ್ ಎಂಬ ದೈತ್ಯಜೀವಿಗಳನ್ನು ಇಲ್ಲಿ ಒಂದೇ ಸರದಿಗೆ ಹೊರದಬ್ಬಲಾಗುತ್ತದೆ. ಆದ್ದರಿಂದ ಬೆಟ್ಟ ಹತ್ತುವಾಗಲೇ ಅವುಗಳ ವಿಶೇಷ ಹೊಡೆತದ ಓವರ್‌ಡ್ರೈವ್ ಮಾಪಕ ತುಂಬಿಸಿಟ್ಟು, ಒಂದೊಂದನ್ನೂ ಕರೆದು ಒಂದೊಂದು ದೊಡ್ಡ ಹೊಡೆತಕ್ಕೆ ಬಳಸಿ.

ಅಂದರೆ ಸೇವ್ ಗೋಳ ಕಂಡ ಕೂಡಲೇ ಮುಂದಕ್ಕೆ ಓಡಬೇಡಿ. ಅದು ಎಚ್‌ಪಿ, ಎಂಪಿ ಎರಡನ್ನೂ ತುಂಬಿಸುತ್ತದೆ. ಸುತ್ತಮುತ್ತ ಸಣ್ಣ ಕಾಳಗ ಆಡಿ ಓವರ್‌ಡ್ರೈವ್ ತುಂಬಿಸಿ, ಗೋಳ ಮುಟ್ಟಿ, ಗ್ರಿಡ್‌ನಲ್ಲಿ ಉಳಿದ ಹೆಜ್ಜೆಗಳನ್ನು ಇಟ್ಟು, ಆಮೇಲೆ ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿ. ಒಂದೇ ಸ್ಲಾಟ್ ನೆಚ್ಚಿದರೆ ಹಿಂದಿನ ಊರಿಗೆ ಹೋಗಿ ಹೋಲಿ ವಾಟರ್ ಕೊಳ್ಳುವ ದಾರಿಯೂ ದೂರವಾಗಬಹುದು.

ಸ್ಟೀಮ್ ಆವೃತ್ತಿಯಲ್ಲಿ ವೇಗ ಹೆಚ್ಚಿಸುವ ಮತ್ತು ದಾರಿಯ ಕಾಳಗಗಳನ್ನು ನಿಲ್ಲಿಸುವ ಬೂಸ್ಟರ್‌ಗಳಿವೆ, ಆಟೋಸೇವ್ ಕೂಡ ಇದೆ. ವೇಗವನ್ನು ಧಾರಾಳವಾಗಿ ಬಳಸಿ. ಕಾಳಗ ನಿಲ್ಲಿಸುವುದನ್ನು ಮೊದಲ ಸಲ ಮುಟ್ಟಬೇಡಿ, ಎಪಿ ಬಾರದೆ ಗಗಜೆಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಬ್ಲಿಟ್ಸ್‌ಬಾಲ್ ಎಂಬ ನೀರಿನೊಳಗಿನ ಪಂದ್ಯ ಒಮ್ಮೆ ಕಡ್ಡಾಯ. ಅದರ ಟ್ಯುಟೋರಿಯಲ್ ಆಕಳಿಕೆ ತರಿಸುತ್ತದೆ, ಎದುರಾಳಿ ಬಲಿಷ್ಠ. ಸೋತರೂ ಕತೆ ನಡೆಯುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಇನ್ನೂರು ಸಿಡಿಲುಗಳನ್ನು ಸತತವಾಗಿ ತಪ್ಪಿಸಿಕೊಳ್ಳುವ ಸವಾಲೂ ಒಂದಿದೆ, ಅದು ಮನುಷ್ಯರಿಗಲ್ಲ. ಎಲ್ಲವನ್ನೂ ಸಂಗ್ರಹಿಸುವ ಹಟ ಇರುವವರಿಗೆ ಒಂದೇ ಎಚ್ಚರಿಕೆ. ಬೆಸೇಯ್ಡ್ ದೇವಾಲಯದ ಒಗಟಿನಲ್ಲಿ ಡಿಸ್ಟ್ರಕ್ಷನ್ ಸ್ಫಿಯರ್‌ನ ನಿಧಿಯನ್ನು ಮೊದಲ ಭೇಟಿಯಲ್ಲೇ ತೆಗೆದುಕೊಳ್ಳಿ. ಆಮೇಲೆ ಆ ಊರಿನ ಬಾಗಿಲಲ್ಲಿ 8 ಲಕ್ಷ ಎಚ್‌ಪಿಯ ಡಾರ್ಕ್ ವೇಲ್ಫರ್ ಎಂಬ ಶತ್ರು ಕಾದಿರುತ್ತದೆ.

ಯಾರಿಗೆ ಬೇಡ? ಒಂದು ಸಲಕ್ಕೆ ಅರ್ಧ ಗಂಟೆಯಷ್ಟೇ ಸಿಗುವವರಿಗೆ ಇದು ಕಷ್ಟ, ಕೆಲವು ರಾತ್ರಿ ಆ ಅರ್ಧ ಗಂಟೆ ಪೂರ್ತಿ ಮಾತಿನಲ್ಲೇ ಹೋಗುತ್ತದೆ. ಅಂಥವರಿಗೆ ಡ್ರ್ಯಾಗನ್ ಕ್ವೆಸ್ಟ್ 11 ಒಳ್ಳೆಯದು, ಸೇವ್ ತೆರೆದಾಗ ಈವರೆಗಿನ ಕತೆಯನ್ನು ಅದೇ ನೆನಪಿಸುತ್ತದೆ. ಮನಸ್ಸಿಗೆ ಬಂದ ಕಡೆ ಅಲೆದಾಡಬೇಕು ಅನ್ನುವವರಿಗೂ ಇದು ಇಕ್ಕಟ್ಟು, ಕಾಮ್ ಲ್ಯಾಂಡ್ಸ್ ಬಯಲು ತಲುಪುವವರೆಗೆ ಇದು ಬಹುತೇಕ ಒಂದೇ ನೇರ ದಾರಿ. ಉಳಿದವರು ಸೇಲ್‌ನಲ್ಲಿ ಸಿಕ್ಕಾಗ ತೆಗೆದುಕೊಳ್ಳಿ, ಪಿಸಿ ಇದ್ದರೆ ಸ್ಟೀಮ್‌ನದ್ದೇ ಮೇಲು. ಬೆಸೇಯ್ಡ್ ದಾಟಿ ಲೂಕಾ ಮುಗಿಸುವವರೆಗೆ ಆಡಿ ನೋಡಿ. ಅಷ್ಟರಲ್ಲಿ ಸರದಿ ಪಟ್ಟಿ ನೋಡುವ ಚಟ ಹತ್ತದಿದ್ದರೆ ಅಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ನನ್ನಿಂದ ಐದಕ್ಕೆ ನಾಲ್ಕೂವರೆ. ಕಳೆದ ಆ ಅರ್ಧ ಅಂಕ ಬಾಸ್‌ಗೆ ಮುಂಚಿನ ಕಟ್‌ಸೀನ್‌ಗಳ ಲೆಕ್ಕಕ್ಕೆ.