ವಾಟ್ಸ್‌ಆ್ಯಪ್‌ನಲ್ಲಿ ತಿದ್ದಿದ ಸಂದೇಶ: ಮೊದಲು ಏನಿತ್ತೆಂದು ಓದುವವರಿಗೆ ತಿಳಿಯುವುದೇ?

ಕಳುಹಿಸಿದ ಸಂದೇಶವನ್ನು ತಿದ್ದುವ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಬಂದದ್ದು 2023ರ ಮೇ ತಿಂಗಳಲ್ಲಿ. ಅಂದಿನಿಂದ ನಾನು ಇದನ್ನು ಬಳಸುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಬೇರೆಯವರು ಬಳಸಿದ್ದರ ಪರಿಣಾಮವನ್ನು ಕಾಣುತ್ತಿದ್ದೇನೆ. ಕೊಡಗಿನ ಸಿದ್ದಾಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಬೆಳಗಿನ ಕಾಫಿ ದರ, ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು ಎಂಬ ಲೆಕ್ಕ, ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ, ಎಲ್ಲವೂ ನಮಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ಬರುತ್ತವೆ. ಹೀಗಾಗಿ ಈ ವಿಮರ್ಶೆಯನ್ನು ಬರೆಯುವವರ ಅನುಕೂಲಕ್ಕಿಂತ ಓದುವವರ ಕಡೆಯಿಂದ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ತಿದ್ದಿದ ಸಂದೇಶದ ಹಿಂದಿನ ರೂಪವನ್ನು ವಾಟ್ಸ್‌ಆ್ಯಪ್ ಓದುವವರಿಗೆ ತೋರಿಸುವುದಿಲ್ಲ. ಸಮಯದ ಪಕ್ಕದಲ್ಲಿ Edited ಎಂಬ ಸಣ್ಣ ಗುರುತು ಬರುತ್ತದೆ, ಅಷ್ಟೇ. ಅದನ್ನು ಒತ್ತಿದರೂ ಹಳೆಯ ಪಾಠ ತೆರೆದುಕೊಳ್ಳುವುದಿಲ್ಲ. ಗುಂಪಿನ ಅಡ್ಮಿನ್‌ಗೂ ಈ ವಿಷಯದಲ್ಲಿ ವಿಶೇಷ ಅಧಿಕಾರವಿಲ್ಲ. ಕಳುಹಿಸಿದವರು ಹದಿನೈದು ನಿಮಿಷಗಳ ಒಳಗೆ ಮಾತ್ರ ತಿದ್ದಬಹುದು. ಆ ಅವಧಿ ಮುಗಿದ ಮೇಲೆ ಸಂದೇಶವನ್ನು ಬದಲಿಸಲು ಅವರಿಗೂ ಸಾಧ್ಯವಿಲ್ಲ.

ಈ ನಿಯಮ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ವ್ಯವಹಾರದಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮಲ್ಲೇ ನಡೆದ ಒಂದು ಪ್ರಸಂಗವನ್ನು ಬಿಡಿಸಿ ಹೇಳುತ್ತೇನೆ.

ರೋಬಸ್ಟಾ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ನಾವು ಮಾರುವುದು ಐವತ್ತು ಕೆಜಿಯ ಚೀಲದ ಲೆಕ್ಕದಲ್ಲಿ. ಆದರೆ ದರ ನಿಲ್ಲುವುದು ಔಟ್‌ಟರ್ನ್ ಮೇಲೆ, ಅಂದರೆ ಒಂದು ಚೀಲ ಚೆರಿಯ ಸಿಪ್ಪೆ ಬಿಡಿಸಿದಾಗ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದರ ಮೇಲೆ. ಒಂದು ಬೆಳಿಗ್ಗೆ 9:01ಕ್ಕೆ ವ್ಯಾಪಾರಿಯೊಬ್ಬರು ಗುಂಪಿನಲ್ಲಿ ಔಟ್‌ಟರ್ನ್‌ನ ಪಾಯಿಂಟ್‌ಗೆ, ಅಂದರೆ ಹಾಗೆ ಸಿಗುವ ಪ್ರತಿ ಕೆಜಿ ಬೀಜಕ್ಕೆ, 400 ರೂಪಾಯಿ ಎಂದು ದರ ಹಾಕಿದರು. 9:06ಕ್ಕೆ ನಾನು ಅದರ ಕೆಳಗೆ ‘ಸರಿ, ನಾಳೆ ನಲವತ್ತು ಚೀಲ ಕಳುಹಿಸುತ್ತೇನೆ’ ಎಂದು ಬರೆದೆ. ಮರುದಿನ ಚೀಲಗಳು ತೂಕಕ್ಕೆ ಹೋದವು, ಔಟ್‌ಟರ್ನ್ 26 ಬಂದಿತು. ಲೆಕ್ಕದ ಚೀಟಿಯಲ್ಲಿ ಮಾತ್ರ ದರ 390 ಎಂದಿತ್ತು. ಗುಂಪನ್ನು ತೆರೆದು ನೋಡಿದರೆ ಅಲ್ಲಿಯೂ 390, ಪಕ್ಕದಲ್ಲಿ Edited.

400ರ ದರದಲ್ಲಿ ಚೀಲಕ್ಕೆ 10,400 ರೂಪಾಯಿ ಆಗಬೇಕಿತ್ತು. 390ರಲ್ಲಿ ಅದು 10,140. ಚೀಲಕ್ಕೆ 260 ರೂಪಾಯಿಯಂತೆ ನಲವತ್ತು ಚೀಲಕ್ಕೆ 10,400 ರೂಪಾಯಿ ವ್ಯತ್ಯಾಸ. ಪೂರ್ತಿ ಒಂದು ಚೀಲದ ಹಣ.

ಇಲ್ಲಿ ಗಮನಿಸಬೇಕಾದದ್ದು ಸಮಯ. ತಿದ್ದಿದ ಮೇಲೂ ಸಂದೇಶದ ಪಕ್ಕದಲ್ಲಿ ಉಳಿಯುವುದು ಮೊದಲು ಕಳುಹಿಸಿದ ಸಮಯವೇ, ಅಂದರೆ 9:01. ತಿದ್ದಿದ್ದು ಯಾವಾಗ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಈಗ ಹೊಸಬರು ಯಾರಾದರೂ ಆ ಪರದೆಯನ್ನು ನೋಡಿದರೆ ಅವರಿಗೆ ಕಾಣುವುದು ಹೀಗೆ: 9:01ಕ್ಕೆ 390 ಎಂದು ದರ ಹಾಕಿದ್ದಾರೆ, 9:06ಕ್ಕೆ ನಾನು ಸರಿ ಎಂದಿದ್ದೇನೆ. ತಿದ್ದುಪಡಿ 9:16ರ ಒಳಗೆ ಆಗಿದೆ ಎಂದು ಮಾತ್ರ ಖಚಿತವಾಗಿ ಹೇಳಬಹುದು. ನನ್ನ ಒಪ್ಪಿಗೆಗೆ ಮೊದಲೋ ಅನಂತರವೋ ಎಂಬುದಕ್ಕೆ ಆ್ಯಪ್‌ನಲ್ಲಿ ಉತ್ತರವಿಲ್ಲ. ಹಳೆಯ ಅಂಕಿ ಕಾಣೆಯಾಗುವುದು ಒಂದು ನಷ್ಟವಾದರೆ, ನಾನು ಬರೆದ ‘ಸರಿ’ ಎಂಬ ಮಾತಿಗೆ ನಾನು ಕೊಡದ ಅರ್ಥ ಬಂದುಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಪಕ್ಕದ ತೋಟದವರು ಆ ದರದ ಸಂದೇಶವನ್ನು 9:03ಕ್ಕೆ ತಮ್ಮ ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ್ದರು. ಅಲ್ಲಿ 400 ಹಾಗೆಯೇ ಇತ್ತು. ಫಾರ್ವರ್ಡ್ ಮಾಡಿದ ಪ್ರತಿ ಬೇರೆಯೇ ಸಂದೇಶವಾದ್ದರಿಂದ ಮೂಲವನ್ನು ತಿದ್ದಿದರೆ ಅದು ಬದಲಾಗುವುದಿಲ್ಲ. ಅದನ್ನು ತೋರಿಸಿದಾಗ ವ್ಯಾಪಾರಿ ತಕರಾರು ಮಾಡಲಿಲ್ಲ. ‘ಅಕ್ಕ, ಕೈತಪ್ಪಿ ಹಿಂದಿನ ದಿನದ ದರ ಹಾಕಿದ್ದೆ, ಗೊತ್ತಾದ ಕೂಡಲೇ ತಿದ್ದಿದೆ, ನೀವು ಅದನ್ನೇ ನೋಡಿ ಒಪ್ಪಿದಿರಿ ಎಂದುಕೊಂಡೆ’ ಎಂದರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಆ ಫಾರ್ವರ್ಡ್ ಕೂಡ ಹೇಳುವುದು 9:03ರವರೆಗೆ 400 ಇತ್ತು ಎಂಬುದನ್ನಷ್ಟೇ. 9:06ಕ್ಕೆ ಏನಿತ್ತು ಎಂಬುದಕ್ಕೆ ನನ್ನ ಕಣ್ಣೇ ಸಾಕ್ಷಿ. ಕೊನೆಗೆ 395ಕ್ಕೆ ಇಬ್ಬರೂ ಒಪ್ಪಿಕೊಂಡೆವು.

ಹಳೆಯ ಪಾಠವನ್ನು ಕಂಪನಿಯನ್ನೇ ಕೇಳಿ ಪಡೆಯಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ವಾಟ್ಸ್‌ಆ್ಯಪ್‌ನ ಸಂದೇಶಗಳು ಕಳುಹಿಸುವವರ ಫೋನಿನಲ್ಲಿ ಗೂಢಲಿಪಿಯಾಗಿ ಹೊರಟು ಓದುವವರ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತವೆ. ನಡುವಿನ ಸರ್ವರ್‌ಗೆ ಒಳಗಿನ ಮಾತು ಓದಲು ಬಾರದು. ತಿದ್ದುಪಡಿ ಎಂದರೆ ಅದೂ ಹೀಗೆಯೇ ಬರುವ ಇನ್ನೊಂದು ಸಂದೇಶ. ‘ಇಂಥ ಸಂದೇಶದ ಜಾಗದಲ್ಲಿ ಇದನ್ನು ಇಡು’ ಎಂದು ಅದು ನಮ್ಮ ಫೋನಿಗೆ ಹೇಳುತ್ತದೆ, ಫೋನು ಹಾಗೆಯೇ ಮಾಡುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಟವರ್ ಕೈಕೊಟ್ಟಾಗ ಮೂಲ ಸಂದೇಶವೂ ತಿದ್ದುಪಡಿಯೂ ಸರ್ವರ್‌ನಲ್ಲಿ ಕಾಯುತ್ತಿರುತ್ತವೆ. ಸಿಗ್ನಲ್ ಮರಳಿದಾಗ ಎರಡೂ ಒಟ್ಟಿಗೆ ಬಂದು ಸೇರುತ್ತವೆ, ನಮಗೆ ಕಾಣುವುದು ಕೊನೆಯದು ಮಾತ್ರ.

ಆ್ಯಪ್‌ನ ಹೊರಗೆ ಒಂದು ಕಿಂಡಿ ಇದೆ. ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ನೋಟಿಫಿಕೇಶನ್ ವಿಭಾಗದ ಒಳಗೆ, Notification history ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿಟ್ಟರೆ ಕಳೆದ 24 ಗಂಟೆಗಳಲ್ಲಿ ಬಂದ ಸೂಚನೆಗಳು ಅಲ್ಲಿ ಉಳಿಯುತ್ತವೆ. ಮೊದಲ ಸಂದೇಶ ಸೂಚನೆಯಾಗಿ ಬಂದಿದ್ದರೆ ಅದರ ಪಾಠ ಅಲ್ಲಿ ಸಿಗಬಹುದು. ಆದರೆ ಮೊದಲೇ ಆನ್ ಮಾಡಿರಬೇಕು, ಜಗಳವಾದ ಮೇಲೆ ಆನ್ ಮಾಡಿದರೆ ಹಿಂದಿನದು ಬರುವುದಿಲ್ಲ. ಗುಂಪನ್ನು ಮ್ಯೂಟ್ ಮಾಡಿದ್ದರೆ ಸೂಚನೆಯೇ ಬರುವುದಿಲ್ಲವಾದ್ದರಿಂದ ದಾಖಲೆಯೂ ಇರುವುದಿಲ್ಲ. ಆ ಹೊತ್ತಿಗೆ ಗುಂಪನ್ನು ತೆರೆದುಕೊಂಡು ಕುಳಿತಿದ್ದರೂ ಅಷ್ಟೇ. ನನಗೆ ಆ ದಿನ ಇದು ಉಪಯೋಗಕ್ಕೆ ಬಾರದಿರಲು ಕಾರಣ ಅದೇ, ದರಕ್ಕಾಗಿ ಕಾಯುತ್ತಾ ಗುಂಪನ್ನು ತೆರೆದಿಟ್ಟಿದ್ದೆ. ಐಫೋನ್‌ನಲ್ಲಿ ಇಂಥ ಆಯ್ಕೆ ಇಲ್ಲ. ತಿದ್ದಿದ ಸಂದೇಶ ತೋರಿಸುತ್ತೇವೆ ಎನ್ನುವ ಬೇರೆ ಆ್ಯಪ್‌ಗಳೂ ಉಂಟು. ಅವು ನಮ್ಮ ಎಲ್ಲ ಸೂಚನೆಗಳನ್ನು ಓದುವ ಅನುಮತಿ ಕೇಳುತ್ತವೆ, ಬ್ಯಾಂಕಿನ ಒಟಿಪಿಯೂ ಅದರಲ್ಲಿ ಸೇರಿರುತ್ತದೆ. ನಾನು ಅವನ್ನು ಹಾಕಿಕೊಂಡಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿದರೂ ಹಳೆಯದು ಸಿಗುವುದಿಲ್ಲ. ಪಠ್ಯ ಕಡತದಲ್ಲಿ ಆ ಸಾಲಿನ ಕೊನೆಗೆ `<This message was edited>` ಎಂದು ಇರುತ್ತದೆ. ತಿದ್ದಿದ್ದಕ್ಕೆ ಇದು ಪುರಾವೆ, ಏನನ್ನು ತಿದ್ದಿದರು ಎಂಬುದಕ್ಕಲ್ಲ.

ಹಣದ ವಿಷಯವಾದರೂ ಕೂತು ಮಾತಾಡಿ ಬಗೆಹರಿಸಬಹುದು. ನನಗೆ ನಿಜವಾಗಿ ಭಯ ಹುಟ್ಟಿಸುವುದು ಆನೆಯ ಸುದ್ದಿ. ಸಂದೇಶವನ್ನು ತಿದ್ದಿದಾಗ ಓದುವವರಿಗೆ ಹೊಸ ಸೂಚನೆ ಬರುವುದಿಲ್ಲ. ಬೆಳಿಗ್ಗೆ ಯಾರೋ ‘ಹಿಂಡು ಹೊಳೆಯ ಆಚೆ ಇದೆ’ ಎಂದು ಬರೆಯುತ್ತಾರೆ. ಆಳುಗಳ ಕೆಲಸ ನೋಡಿಕೊಳ್ಳುವ ತೋಟದ ರೈಟರ್ ಅದನ್ನು ಓದಿ, ಫೋನನ್ನು ಜೇಬಿಗೆ ಹಾಕಿಕೊಂಡು, ಆಳುಗಳನ್ನು ಈಚೆಯ ಬ್ಲಾಕಿಗೆ ಕರೆದುಕೊಂಡು ಹೋಗುತ್ತಾರೆ. ಐದು ನಿಮಿಷದಲ್ಲಿ ಬರೆದವರು ‘ಆಚೆ’ ಎಂಬುದನ್ನು ‘ಈಚೆ’ ಎಂದು ತಿದ್ದುತ್ತಾರೆ. ರೈಟರ್ ಫೋನು ಸದ್ದು ಮಾಡುವುದಿಲ್ಲ. ಗುಂಪಿನಲ್ಲಿ ಸರಿಯಾದ ಮಾಹಿತಿ ಇದೆ, ಅವರ ತಲೆಯಲ್ಲಿ ಹಳೆಯದೇ ಇದೆ. ಇಂಥ ಸಂದೇಶವನ್ನು ಯಾರೂ ತಿದ್ದಬಾರದು, ಹೊಸದಾಗಿ ಇನ್ನೊಂದನ್ನು ಕಳುಹಿಸಬೇಕು ಎಂದು ನಮ್ಮ ಗುಂಪಿನಲ್ಲಿ ಹಟ ಹಿಡಿದು ಹೇಳಿದ್ದೇನೆ.

ದರದ ವಿಷಯದಲ್ಲಿ ನಾನು ಈಗ ಬರೀ ‘ಸರಿ’ ಎಂದು ಬರೆಯುವುದಿಲ್ಲ. ‘ಪಾಯಿಂಟ್‌ಗೆ 400ರಂತೆ ನಲವತ್ತು ಚೀಲ’ ಎಂದು ಅಂಕಿಯನ್ನು ನನ್ನ ಉತ್ತರದಲ್ಲೇ ಬರೆಯುತ್ತೇನೆ. ನನ್ನ ಸಂದೇಶವನ್ನು ಅವರು ತಿದ್ದಲಾರರು, ಹದಿನೈದು ನಿಮಿಷ ಕಳೆದ ಮೇಲೆ ನಾನೂ ತಿದ್ದಲಾರೆ. ಅವಸರವಿಲ್ಲದಿದ್ದರೆ ದರ ಬಂದು ಹದಿನೈದು ನಿಮಿಷ ಆದ ಮೇಲೆ ಮತ್ತೊಮ್ಮೆ ನೋಡಿಯೇ ಒಪ್ಪುತ್ತೇನೆ, ಆಗ ಕಾಣುವುದೇ ಕೊನೆಯ ರೂಪ. ಧ್ವನಿ ಸಂದೇಶವಾದರೆ ಇನ್ನೂ ಒಳ್ಳೆಯದು, ಅದನ್ನು ಅಳಿಸಬಹುದೇ ಹೊರತು ತಿದ್ದಲು ಬರುವುದಿಲ್ಲ. ಒಂದು ಎಚ್ಚರಿಕೆ: ಹದಿನೈದು ನಿಮಿಷದ ಲೆಕ್ಕ ಗುಂಪು ಮತ್ತು ಖಾಸಗಿ ಮಾತುಕತೆಗೆ ಮಾತ್ರ. 2023ರಲ್ಲೇ ಬಂದ ವಾಟ್ಸ್‌ಆ್ಯಪ್ ಚಾನೆಲ್‌ಗಳಲ್ಲಿ ನಡೆಸುವವರು ಮೂವತ್ತು ದಿನಗಳವರೆಗೆ ತಿದ್ದಬಹುದು. ದರ ಚಾನೆಲ್‌ನಲ್ಲಿ ಬರುತ್ತಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ, ಸ್ಕ್ರೀನ್‌ಶಾಟ್ ತೆಗೆದಿಡಿ.

ಹಳೆಯ ರೂಪವನ್ನು ತೋರಿಸಿದರೆ ಗೋಪ್ಯತೆ ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಿಗ್ನಲ್ ಆ್ಯಪ್‌ನ ಗೋಪ್ಯತೆಯೂ ಇಷ್ಟೇ ಬಿಗಿ. ಅಲ್ಲಿ 24 ಗಂಟೆಗಳ ಒಳಗೆ ಹತ್ತು ಸಲದವರೆಗೆ ತಿದ್ದಬಹುದು, Edited ಗುರುತನ್ನು ಒತ್ತಿದರೆ ಹಿಂದಿನ ಪಾಠಗಳೆಲ್ಲ ಓದುವವರಿಗೆ ಕಾಣುತ್ತವೆ. ಆ್ಯಪಲ್‌ನ ಐಮೆಸೇಜ್‌ನಲ್ಲಿ 2022ರ ಐಒಎಸ್ 16ರಿಂದಲೇ ಹದಿನೈದು ನಿಮಿಷದಲ್ಲಿ ಐದು ಸಲ ತಿದ್ದಲು ಅವಕಾಶವಿದೆ, ಅಲ್ಲಿಯೂ ಗುರುತನ್ನು ಒತ್ತಿ ಹಳೆಯದನ್ನು ಓದಬಹುದು. ಓದುವವರ ಫೋನಿಗೆ ಆಗಲೇ ಬಂದಿಳಿದ ಮಾತನ್ನು ಆ ಫೋನೇ ಉಳಿಸಿಕೊಳ್ಳುವುದಕ್ಕೆ ಸರ್ವರ್ ಏನನ್ನೂ ಹೆಚ್ಚಾಗಿ ತಿಳಿಯಬೇಕಿಲ್ಲ. ಆದರೆ ನಮ್ಮ ವ್ಯಾಪಾರಿಗಳೂ ರೈಟರ್‌ಗಳೂ ಇರುವುದು ವಾಟ್ಸ್‌ಆ್ಯಪ್‌ನಲ್ಲಿ, ಒಬ್ಬಳೇ ಸಿಗ್ನಲ್‌ಗೆ ಹೋಗಿ ನಾನು ಯಾರೊಂದಿಗೆ ಮಾತಾಡಲಿ?

ಕಾಗುಣಿತ ಸರಿಪಡಿಸಲು, ಮದುವೆಯ ಮುಹೂರ್ತದ ಸಮಯ ತಿದ್ದಲು ಈ ಸೌಲಭ್ಯ ಚೆನ್ನಾಗಿದೆ, ಬಳಸಲು ಸುಲಭವೂ ಹೌದು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಹಳೆಯ ಪಾಠವನ್ನು ತೋರಿಸದಿರುವುದಕ್ಕೆ, ಇನ್ನೊಂದನ್ನು ತಿದ್ದಿದ ಸಮಯವನ್ನೂ ತೋರಿಸದಿರುವುದಕ್ಕೆ. ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ ಎಂದರೆ ನಾನು ಕೇಳುವುದು ಸಮಯವನ್ನು.