ಮಿಟುಕುವ ದೀಪ, ಉರಿದೇ ಇರುವ OFF: ಒಂದೇ ತೋಟದಲ್ಲಿ ಎರಡನ್ನೂ ಪ್ರಯತ್ನಿಸಿದೆ

ಜುಲೈನಲ್ಲಿ ಮೂಡಿಗೆರೆ ಹತ್ತಿರ ಇರುವ ಭಾವನ ಕಾಫಿ ತೋಟಕ್ಕೆ ಹೋಗಿದ್ದೆ. ಟಾರು ರಸ್ತೆ ಬಿಟ್ಟ ಮೇಲೆ ಮನೆಯವರೆಗೆ ಸುಮಾರು ಮುನ್ನೂರು ಮೀಟರ್ ಮಣ್ಣಿನ ದಾರಿ. ಅದರಲ್ಲಿ ಕೊನೆಯ ನೂರು ಮೀಟರ್ ಒಳ್ಳೆ ಏರು. ಮೂರು ದಿನದಿಂದ ಬಿಡದೆ ಮಳೆ ಸುರಿದು ಕೆಂಪು ಮಣ್ಣು ಸೋಪಿನ ಹಾಗೆ ಆಗಿತ್ತು. ಏರಿನ ಅರ್ಧದಲ್ಲಿ ಮೀಟರಿನಲ್ಲಿ ಹಳದಿ ದೀಪ ಮಿಟುಕಲು ಶುರುವಾಯಿತು. ಒಂದು ಕಾರು, ಅದರ ಹಿಂದೆ ಎರಡು ಅಂಕುಡೊಂಕು ಗೆರೆಯ ಚಿತ್ರ. ಚಕ್ರ ಜಾರಿದಾಗ ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಯ ದೀಪ ಅದು. ಜೊತೆಗೆ ಎಂಜಿನ್ ದನಿ ಇಳಿಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಶಕ್ತಿ ಬರಲಿಲ್ಲ. ಕಾರು ನಿಂತೇ ಹೋಯಿತು.

ಛತ್ರಿ ಹಿಡಿದು ಕೆಳಗೆ ಬಂದ ಭಾವ ಕಿಟಕಿ ಹತ್ತಿರ ಬಗ್ಗಿ, 'ಆ OFF ಬಟನ್ ಒತ್ತು ಮಾರಾಯ, ಇಲ್ಲದಿದ್ರೆ ಅದು ಹತ್ತೋಕೆ ಬಿಡೋದಿಲ್ಲ' ಅಂದರು. ಒತ್ತಿದೆ. ಸ್ವಲ್ಪ ಹಿಂದೆ ಇಳಿಸಿ, ಎರಡನೇ ಗೇರಿನಲ್ಲಿ ಒಂದೇ ಓಟಕ್ಕೆ ಬಿಟ್ಟೆ. ಚಕ್ರ ತಿರುಗಿ ಕೆಸರು ಹಾರಿತು, ಆದರೆ ಕಾರು ಮೇಲೆ ಬಂತು. ಹಾಗಾದರೆ ಈ ವ್ಯವಸ್ಥೆ ಇದ್ದು ಏನು ಉಪಯೋಗ ಅಂತ ಆಗ ಅನ್ನಿಸಿದ್ದು ನಿಜ. ಆ ಪ್ರಶ್ನೆ ಹಿಡಿದುಕೊಂಡೇ ಉಳಿದ ನಾಲ್ಕು ದಿನ ಅದೇ ತೋಟದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದು ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜೀಪಿನವರಿಗೆ ಇದು ಪೂರ್ತಿ ಹೊಂದುವುದಿಲ್ಲ.

ಮೊದಲು ದೀಪಗಳ ವಿಚಾರ. ಮಿಟುಕುವುದು ಅಂದರೆ ವ್ಯವಸ್ಥೆ ಆ ಗಳಿಗೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಚಕ್ರ ಜಾರುತ್ತಿದೆ, ಅದು ಹಿಡಿಯುತ್ತಿದೆ. ಅಷ್ಟೇ, ಕೆಟ್ಟಿಲ್ಲ. ಅದೇ ಚಿತ್ರದ ಜೊತೆ OFF ಅಂತ ಬರೆದು ಮಿಟುಕದೆ ಉರಿದೇ ಇದ್ದರೆ ಯಾರೋ ಬಟನ್ ಒತ್ತಿ ವ್ಯವಸ್ಥೆಯನ್ನು ಆಫ್ ಮಾಡಿದ್ದಾರೆ ಎಂದು ಅರ್ಥ. ಈ ಎರಡು ದೀಪಗಳ ಬಣ್ಣ ಒಂದೇ, ಚಿತ್ರವೂ ಹೆಚ್ಚುಕಡಿಮೆ ಒಂದೇ. ಆದರೆ ಹೇಳುವುದು ಪೂರ್ತಿ ಉಲ್ಟಾ. ಒಂದು 'ನಾನು ಹಿಡಿದಿದ್ದೇನೆ' ಅನ್ನುತ್ತದೆ, ಇನ್ನೊಂದು 'ನಾನಿಲ್ಲ' ಅನ್ನುತ್ತದೆ. ಹೆಸರು ಕಂಪನಿಗೊಂದು. ಹ್ಯುಂಡೈನಲ್ಲಿ ESC, ಮಾರುತಿಯಲ್ಲಿ ESP, ಟೊಯೋಟಾದಲ್ಲಿ VSC. ಕೆಲಸ ಮಾತ್ರ ಒಂದೇ. ಕಾರುಗಳ ಸುರಕ್ಷತೆ ಅಳೆಯಲು 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 3 ಸ್ಟಾರ್ ಅಥವಾ ಅದಕ್ಕಿಂತ ಜಾಸ್ತಿ ಬರಬೇಕಾದರೆ ಈ ವ್ಯವಸ್ಥೆ ಇರಲೇಬೇಕು. ಹಾಗಾಗಿ ಈಗ ನಮ್ಮ ಕಡೆಯ ಸಾಧಾರಣ ಕಾರುಗಳಲ್ಲೂ ಈ ದೀಪ ಕಾಣಿಸುತ್ತಿದೆ.

ನನಗೆ ಅಲ್ಲಿಯವರೆಗೆ ಗೊತ್ತಿಲ್ಲದ ವಿಷಯ ಇನ್ನೊಂದಿತ್ತು. ನನ್ನ ಕಾರಿನಲ್ಲಿ OFF ಅನ್ನುವುದು ಒಂದಲ್ಲ, ಎರಡು. ಬಟನ್ ಒಮ್ಮೆ ಒತ್ತಿ ಬಿಟ್ಟರೆ ಎಂಜಿನ್ ಶಕ್ತಿ ಕಡಿಮೆ ಮಾಡುವ ಭಾಗ ಮಾತ್ರ ನಿಲ್ಲುತ್ತದೆ. ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ಭಾಗ ಹಾಗೇ ಇರುತ್ತದೆ. ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದರೆ ಒಂದು ಸದ್ದು ಬಂದು ಎರಡೂ ನಿಲ್ಲುತ್ತವೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾತ್ರ ಯಾವಾಗಲೂ ಇರುತ್ತದೆ. ಬೇಸರದ ವಿಷಯ ಏನೆಂದರೆ, ಎರಡಕ್ಕೂ ಉರಿಯುವುದು ಒಂದೇ ದೀಪ. ಆ ಗಳಿಗೆಯಲ್ಲಿ ಮೂಡುವ ಬರಹ ನೋಡಿರದಿದ್ದರೆ, ಆಮೇಲೆ ದೀಪ ನೋಡಿ ಅರ್ಧ ಆರಿದೆಯೋ ಪೂರ್ತಿ ಆರಿದೆಯೋ ಹೇಳಲಾಗುವುದಿಲ್ಲ. ಇಷ್ಟು ಮುಖ್ಯವಾದ ವ್ಯತ್ಯಾಸಕ್ಕೆ ಬೇರೆ ದೀಪ ಕೊಡಬೇಕಿತ್ತು ಅಲ್ವಾ?

ಅದೇ ಏರಿನಲ್ಲಿ ಮೂರು ರೀತಿಯಲ್ಲೂ ಹತ್ತಿಸಿ ನೋಡಿದೆ. ವ್ಯವಸ್ಥೆ ಆನ್ ಇದ್ದಾಗ ಮೂರು ಸಲದಲ್ಲಿ ಮೂರೂ ಸಲ ಅರ್ಧದಲ್ಲೇ ನಿಂತಿತು. ಕಾರಣ ಸರಳ. ಅಲ್ಲಿ ಎಡ, ಬಲ ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಜಾರುತ್ತವೆ. ಒಂದಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸೋಣ ಅಂದರೆ ಆ ಇನ್ನೊಂದಕ್ಕೂ ಹಿಡಿತ ಇಲ್ಲ. ಉಳಿದ ದಾರಿ ಎಂಜಿನ್ ಶಕ್ತಿ ಇಳಿಸುವುದು. ಶಕ್ತಿ ಇಳಿದರೆ ಓಟ ಹೋಗುತ್ತದೆ. ಕೆಸರಿನ ಏರಿನಲ್ಲಿ ಓಟ ಹೋದರೆ ಮುಗಿಯಿತು. ಒಮ್ಮೆ ಒತ್ತಿ ಬಿಟ್ಟಾಗ ಕಾರು ಹತ್ತಿತು. ಮೂರು ಸೆಕೆಂಡ್ ಹಿಡಿದಾಗಲೂ ಹತ್ತಿತು. ಇವೆರಡರ ನಡುವೆ ಆ ಏರಿನಲ್ಲಿ ನನಗೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಕಂಡದ್ದು ಮಾರನೆಯ ದಿನ, ಗೇಟಿನ ಹತ್ತಿರ. ಎದುರಿಗೆ ಬಂದ ಪಿಕಪ್ಪಿಗೆ ದಾರಿ ಬಿಡುವಾಗ ಎಡ ಮುಂದಿನ ಚಕ್ರ ಮಣ್ಣಿನ ಚರಂಡಿಗೆ ಇಳಿಯಿತು. ಬಲ ಚಕ್ರ ಜಲ್ಲಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಹಿಂದಿನ ದಿನದ ಅಭ್ಯಾಸದಿಂದ ಬಟನ್ ಒತ್ತಿ ಹಿಡಿದೆ, ಪೂರ್ತಿ ಆರಿಸಿದೆ. ಆಕ್ಸಿಲರೇಟರ್ ಕೊಟ್ಟರೆ ಚರಂಡಿಯ ಚಕ್ರ ಮಾತ್ರ ಗಿರಗಿರ ತಿರುಗಿತು, ಬಲ ಚಕ್ರ ಅಲ್ಲಾಡಲೂ ಇಲ್ಲ. ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಮಾಮೂಲಿ ಡಿಫರೆನ್ಷಿಯಲ್ ಇರುವುದೇ ಹಾಗೆ. ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಅದನ್ನೇ ತಿರುಗಿಸುತ್ತದೆ. ಮತ್ತೆ ಬಟನ್ ಒತ್ತಿ ಆನ್ ಮಾಡಿದೆ. ದೀಪ ಮಿಟುಕಿತು, ಕಾಲ ಕೆಳಗೆ ಗರ್ ಗರ್ ಅಂತ ಪಂಪಿನ ಸದ್ದು ಬಂತು. ಎಡ ಚಕ್ರಕ್ಕೆ ಬ್ರೇಕ್ ಬೀಳುತ್ತಿತ್ತು, ಶಕ್ತಿ ಬಲಕ್ಕೆ ದಾಟುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲನ್ನು ಒಂದೇ ಸಮ ಇಟ್ಟುಕೊಂಡೆ. ನಾಲ್ಕೈದು ಸೆಕೆಂಡಿನಲ್ಲಿ ಕಾರು ನಿಧಾನಕ್ಕೆ ಮೇಲೆ ಬಂತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ, ಆ ಸದ್ದಿಗೆ ಹೆದರಿ ಕಾಲು ತೆಗೆಯುವುದು. ಆ ಸದ್ದು ಬಂದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಹಾಗಾಗಿ ಭಾವ ಹೇಳಿದ್ದು ಏರಿಗೆ ಸರಿ, ಚರಂಡಿಗೆ ತಪ್ಪು. ಎರಡೂ ಚಕ್ರ ಜಾರುತ್ತಿದ್ದರೆ ಆಫ್ ಮಾಡಬೇಕು. ಒಂದೇ ಚಕ್ರ ಜಾರುತ್ತಿದ್ದರೆ ಆನ್ ಇರಬೇಕು. ಯಾವುದು ಅಂತ ಒಳಗೆ ಕೂತು ತಿಳಿಯದಿದ್ದರೆ ಹೊರಗೆ ನಿಂತವರನ್ನು ಕೇಳಬೇಕು, ಅವರಿಗೆ ಕಾಣುತ್ತದೆ. ಯಾರೂ ಇಲ್ಲದಿದ್ದರೆ ಒಮ್ಮೆ ಒತ್ತಿ ಬಿಡುವ ಅರ್ಧ OFF ನನಗೆ ಇಷ್ಟವಾಯಿತು. ಶಕ್ತಿಯೂ ಇರುತ್ತದೆ, ಬ್ರೇಕಿನ ಸಹಾಯವೂ ಇರುತ್ತದೆ.

ಇದೆಲ್ಲ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ಮಾತು. ತಿರುವಿನಲ್ಲಿ ಏನಾಗುತ್ತದೆ ಎಂದು ನೋಡಲು ಕಾಫಿ ಒಣಗಿಸುವ ಕಣ ಸಿಕ್ಕಿತು. ಮಳೆಗಾಲದಲ್ಲಿ ಅದು ಖಾಲಿ, ಸಿಮೆಂಟಿನ ಮೇಲೆಲ್ಲ ಪಾಚಿ. ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಗೋಣಿಚೀಲಗಳನ್ನು ಗುರುತಿಗೆ ಇಟ್ಟು, 25 ಕಿಲೋಮೀಟರ್ ವೇಗದಲ್ಲಿ ಬಲಕ್ಕೆ ತಿರುಗಿಸಿದೆ. ಪೂರ್ತಿ ಆರಿಸಿದ್ದಾಗ ಸ್ಟೀರಿಂಗ್ ತಿರುಗಿತ್ತು, ಕಾರು ತಿರುಗಲಿಲ್ಲ. ಮೂತಿ ನೇರಕ್ಕೆ ಜಾರಿ ಚೀಲದ ಗೆರೆಯಿಂದ ಸುಮಾರು ಎರಡು ಮೀಟರ್ ಆಚೆ ಹೋಯಿತು. ಆನ್ ಇದ್ದಾಗ ದೀಪ ಮಿಟುಕಿತು, ಕಾರು ಒಳಕ್ಕೆ ಎಳೆದುಕೊಂಡಂತೆ ತಿರುಗಿ ಗೆರೆಯ ಒಳಗೇ ಉಳಿಯಿತು. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಅನ್ನುವುದನ್ನು ಅದು ಸೆನ್ಸರ್‌ಗಳಿಂದ ಹೋಲಿಸುತ್ತಲೇ ಇರುತ್ತದೆ. ಮೂತಿ ಆಚೆ ಹೋಗುತ್ತಿದ್ದರೆ ತಿರುವಿನ ಒಳಬದಿಯ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಹಿಂಭಾಗ ಬೀಸಿಕೊಂಡು ಹೋಗುತ್ತಿದ್ದರೆ ಹೊರಬದಿಯ ಮುಂದಿನ ಚಕ್ರಕ್ಕೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಎಷ್ಟೇ ಪಳಗಿದ ಡ್ರೈವರ್‌ಗೂ ಆಗದ ಕೆಲಸ. ಅವನ ಕಾಲಿಗೆ ಇರುವುದು ಒಂದೇ ಪೆಡಲ್.

ಮಿತಿಯೂ ಅಲ್ಲೇ ಕಂಡಿತು. 30ಕ್ಕೆ ಹೋದಾಗ ದೀಪ ಮಿಟುಕುತ್ತಲೇ ಇತ್ತು, ಆದರೂ ಕಾರು ಗೆರೆ ದಾಟಿತು. ಟೈರಿಗೂ ನೆಲಕ್ಕೂ ಇರುವ ಹಿಡಿತವನ್ನು ಅದು ಹಂಚಬಲ್ಲದು, ಹೊಸದಾಗಿ ಹುಟ್ಟಿಸಲಾರದು. ಅಲ್ಲಿಗೆ ನಾನು ನಿಲ್ಲಿಸಿದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಇದು ಕೆಲಸಕ್ಕೆ ಬಂತು. ಒದ್ದೆ ತಿರುವಿನಲ್ಲಿ ಒಂದು ಸಲ ದೀಪ ಎರಡು ಬಾರಿ ಮಿಟುಕಿ ಆರಿತು. ಮೊದಲಾಗಿದ್ದರೆ ಗಮನಿಸುತ್ತಿರಲಿಲ್ಲ. ಈ ಸಲ ಮುಂದಿನ ತಿರುವಿಗೆ ಮೊದಲೇ ಒಂದು ಗೇರ್ ಇಳಿಸಿದೆ. ಟಾರಿನ ಮೇಲೆ ಅದು ಮಿಟುಕಿದರೆ ನಾವು ಹಿಡಿತದ ಅಂಚಿನಲ್ಲಿದ್ದೇವೆ ಎಂದು ಅರ್ಥ. ಘಾಟಿಯಲ್ಲಿ ಆಫ್ ಮಾಡಿ ಹೋಲಿಸಿ ನೋಡಲಿಲ್ಲ, ಯಾರೂ ನೋಡಬಾರದು. ನನ್ನ ಕಾರಿನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ವ್ಯವಸ್ಥೆ ತಾನಾಗೇ ಆನ್ ಆಗುತ್ತದೆ. ಆದರೆ ಕೆಸರು ದಾಟಿ ಎಂಜಿನ್ ನಿಲ್ಲಿಸದೆ ಹಾಗೇ ಟಾರಿಗೆ ಬಂದರೆ OFF ಉಳಿದೇ ಇರುತ್ತದೆ. ಅದಕ್ಕೇ ತೋಟದ ಗೇಟಿನಲ್ಲಿ ಒಮ್ಮೆ ನಿಂತು ಮೀಟರ್ ನೋಡುವ ಅಭ್ಯಾಸ ಮಾಡಿಕೊಂಡೆ.

ಕೊನೆಯ ದಿನ ಮೂರನೇ ಬಗೆಯೂ ಕಂಡಿತು. ದೀಪ ಮಿಟುಕಲಿಲ್ಲ, OFF ಅಂತಲೂ ಇರಲಿಲ್ಲ, ಸುಮ್ನೆ ಉರಿದೇ ಇತ್ತು. ಪಕ್ಕದಲ್ಲಿ ಎಬಿಎಸ್ ದೀಪವೂ ಇತ್ತು. ಇದು ದೋಷದ ಗುರುತು. ಬಟನ್ ಒತ್ತಿದರೆ ಹೋಗುವುದಿಲ್ಲ. ಕೀ ತಿರುಗಿಸಿದಾಗ ಕೆಲವು ಸೆಕೆಂಡ್ ಉರಿದು ಆರುವುದು ಮಾಮೂಲಿ ಪರೀಕ್ಷೆ. ಆಮೇಲೂ ಉಳಿದರೆ ತೋರಿಸಬೇಕು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ C0035 ಅಂತ ಬಂತು, ಅಂದರೆ ಎಡ ಮುಂದಿನ ಚಕ್ರದ ವೇಗದ ಸೆನ್ಸರ್. ಮೆಕ್ಯಾನಿಕ್ ನಿಧಾನಕ್ಕೆ ಓಡಿಸಿ ತೋರಿಸಿದರು. ಮೂರು ಚಕ್ರ 15 ಅನ್ನುತ್ತಿದ್ದರೆ ಅದೊಂದು 0 ಅನ್ನುತ್ತಿತ್ತು. ಚರಂಡಿಗೆ ಇಳಿದದ್ದು ಅದೇ ಚಕ್ರ. ಸೆನ್ಸರಿನ ವೈರ್ ಎಳೆದುಹೋಗಿ ತುಂಡಾಗಿತ್ತು. ಎಬಿಎಸ್ಸೂ ಇದೂ ಬಳಸುವುದು ಅದೇ ಸೆನ್ಸರ್, ಅದಕ್ಕೇ ಎರಡು ದೀಪ ಒಟ್ಟಿಗೆ ಬಂದವು. ಮಾಮೂಲಿ ಬ್ರೇಕ್ ಹಿಡಿಯುತ್ತಿತ್ತು. ಆದರೆ ಅಲ್ಲಿಯವರೆಗೆ ಬಂದ ಅಷ್ಟೂ ದೂರ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದಾದ ಸ್ಥಿತಿ.

ಹೊರಡುವ ಮುಂಚೆ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದರು. ಒಣ ನೇರ ರಸ್ತೆಯಲ್ಲಿ ದೀಪ ಮಿಟುಕಿದರೆ ಮೊದಲು ಟೈರ್ ನೋಡಬೇಕಂತೆ. ಚಿಕ್ಕ ಅಳತೆಯ ಸ್ಟೆಪ್ನಿ ಹಾಕಿದ್ದರೆ ಆ ಚಕ್ರ ಉಳಿದವುಗಳಿಗಿಂತ ಜೋರಾಗಿ ಸುತ್ತುತ್ತದೆ, ವ್ಯವಸ್ಥೆ ಅದನ್ನು ಜಾರುವಿಕೆ ಅಂದುಕೊಳ್ಳಬಹುದು. ನನ್ನ ಡಿಕ್ಕಿಯಲ್ಲಿ ಇರುವುದೂ ಚಿಕ್ಕ ಸ್ಟೆಪ್ನಿಯೇ. ಅದರ ಅಳತೆಯನ್ನು ಉಳಿದ ಟೈರುಗಳ ಅಳತೆಯ ಪಕ್ಕ ಬರೆದು ಕಾರಿನಲ್ಲೇ ಇಟ್ಟುಕೊಂಡಿದ್ದೇನೆ.